ನಾಣಿ ಮೇಷ್ಟ್ರೂ ಮಟ್ಟೆ ಹೊದಿಸಿದ ಪಾತಿಗಳೂ

ಹಳೇಬೀಡಿನ ಬಸ್ ಸ್ಟ್ಯಾಂಡಿನ ಎದುರು ನನ್ನದೊಂದು ಜೆರಾಕ್ಸ್ ಅಂಗಡಿ ಇದೆ. ಟೈಪಿಂಗ್, ಲ್ಯಾಮಿನೇಶನ್, ಆನ್‌ಲೈನ್ ಅರ್ಜಿ ಎಲ್ಲ ಮಾಡುತ್ತೇನೆ. ನನ್ನ ಹೆಸರು ರಘುರಾಮ್. ಆದರೆ ನನ್ನ ಬೆರಳುಗಳು ಸವೆದಿರುವುದು ಸರ್ಕಾರಿ ಅರ್ಜಿಗಳಿಂದಲ್ಲ, ನಾಣಿ ಮೇಷ್ಟ್ರ ವಿಶೇಷಣಗಳಿಂದ.

ನಾಣಿ ಮೇಷ್ಟ್ರು ಹೈಸ್ಕೂಲಿನಲ್ಲಿ ಕನ್ನಡ, ಇಂಗ್ಲಿಷ್ ಎರಡನ್ನೂ ಕಲಿಸಿ ನಿವೃತ್ತರಾದವರು. ನಿವೃತ್ತಿಯಾದದ್ದು ಪಾಠದಿಂದ ಮಾತ್ರ. ಊರಿನಲ್ಲಿ ಯಾರಿಗೆ ಸನ್ಮಾನವಾಗಲಿ, ಬಿನ್ನವತ್ತಳೆ ಅವರದೇ. ಪೋಸ್ಟ್ ಮಾಸ್ಟರು ವರ್ಗವಾದಾಗ ಅವರೇ ಬರೆದರು, ಪಶು ಆಸ್ಪತ್ರೆಯ ಇನ್ಸ್‌ಪೆಕ್ಟರು ನಿವೃತ್ತರಾದಾಗಲೂ ಅವರೇ ಬರೆದರು. ಎರಡರಲ್ಲೂ 'ಮೃದುಭಾಷಿ, ಅಜಾತಶತ್ರು, ಕಾಯಕಯೋಗಿ' ಇತ್ತು. ಪೋಸ್ಟ್ ಮಾಸ್ಟರು ಮೃದುವಾಗಿ ಮಾತಾಡಿದ್ದನ್ನು ನಮ್ಮೂರಿನಲ್ಲಿ ಯಾರೂ ಕೇಳಿರಲಿಲ್ಲ. ಆದರೂ ಓದುವಾಗ ಅವರ ಹೆಂಡತಿಯೇ ಕಣ್ಣೊರೆಸಿಕೊಂಡರು.

"ಮೇಷ್ಟ್ರೇ, ಅವರು ನಿಜವಾಗಿ ಏನು ಮಾಡಿದ್ರು ಅಂತ ಒಂದು ಸಾಲಾದ್ರೂ ಬರೀಬಾರದಾ?" ಎಂದು ಒಮ್ಮೆ ಕೇಳಿದ್ದೆ.

"ಅದನ್ನೆಲ್ಲ ಕೇಳಬಾರದು ಕಣೋ ರಘು. ಕೇಳ್ತಾ ಹೋದ್ರೆ ಬರೆಯೋಕೆ ಏನೂ ಉಳಿಯಲ್ಲ," ಎಂದರು. ಹಾಗೆಂದು ಇನ್ನೊಂದು 'ನಿಷ್ಕಳಂಕ' ಸೇರಿಸಿದರು. ಅದನ್ನೂ ನಾನೇ ಟೈಪ್ ಮಾಡಿದೆ.

ಇಂಥ ಮೇಷ್ಟ್ರ ಕೈಗೆ ಅವರ ಮೊಮ್ಮಗಳು ಹಿತಾಳ ಭವಿಷ್ಯ ಸಿಕ್ಕಿತು. ಮಗಳ ಮಗಳು. ಅರಸೀಕೆರೆಯಲ್ಲಿ ಹಾಸ್ಟೆಲಿನಲ್ಲಿದ್ದುಕೊಂಡು ಬಿ.ಎಸ್ಸಿ. ಕೊನೆಯ ವರ್ಷ ಓದುತ್ತಿದ್ದಳು. ಅಳೆದು ತೂಗಿ ಮಾತಾಡುವ ಹುಡುಗಿ. ತಾತನ ರಕ್ತ ಅವಳಲ್ಲಿ ಹೇಗೆ ಹರಿಯುತ್ತಿದೆಯೋ ಎಂದು ನನಗೆ ಎಷ್ಟೋ ಸಲ ಅನುಮಾನ ಬಂದಿದೆ. ಮಣ್ಣಿನ ವಿಜ್ಞಾನದಲ್ಲಿ ಎಂ.ಎಸ್ಸಿ. ಮಾಡಬೇಕೆಂಬ ಆಸೆ ಅವಳಿಗೆ. ಒಂದು ದೊಡ್ಡ ಸಂಸ್ಥೆಗೆ ಅರ್ಜಿ ಹಾಕುತ್ತಿದ್ದಳು. ಅಂಕಗಳು ಪರವಾಗಿಲ್ಲ ಅನ್ನುವಷ್ಟಿದ್ದವು, ಎದ್ದು ಕಾಣುವಷ್ಟಿರಲಿಲ್ಲ. ಹಾಗಾಗಿ ಅರ್ಜಿಯಲ್ಲಿದ್ದ ಒಂದು ಪ್ರಶ್ನೆಯ ಮೇಲೆ ಎಲ್ಲ ನಿಂತಿತ್ತು: ಪದವಿಯಲ್ಲಿ ಮಾಡಿದ ಒಂದು ಸಂಶೋಧನಾ ಯೋಜನೆಯನ್ನು ಇನ್ನೂರೈವತ್ತು ಪದಗಳೊಳಗೆ ವಿವರಿಸಿ, ಅದರಲ್ಲಿ ನಿಮ್ಮ ಸ್ವಂತ ಪಾಲು, ಅನುಸರಿಸಿದ ವಿಧಾನ ಮತ್ತು ಫಲಿತಾಂಶ ಇರಲಿ. ಅದನ್ನು ಓದಿ ಇಷ್ಟವಾದರೆ ಸಂದರ್ಶನಕ್ಕೆ ಕರೆಯುತ್ತಾರೆ. ಇಲ್ಲದಿದ್ದರೆ ಇಲ್ಲ.

"ಇನ್ನೂರೈವತ್ತೇ? ಪೀಠಿಕೆಗೇ ಸಾಲಲ್ವಲ್ಲೇ!" ಎಂದರು ಮೇಷ್ಟ್ರು. ಆದರೂ ಅವರಿಗೆ ಖುಷಿಯೋ ಖುಷಿ. ಮೊಮ್ಮಗಳು ತಾನಾಗಿ ಕೇಳಿರಲಿಲ್ಲ. ಅವಳ ಅಮ್ಮ, "ಅಪ್ಪ ಇಂಗ್ಲಿಷ್ ಮೇಷ್ಟ್ರು, ಊರಿಗೆಲ್ಲ ಬರ್ಕೊಡ್ತಾರೆ, ನಿನಗೆ ಬರೆಯಲ್ವಾ?" ಎಂದು ಒತ್ತಾಯ ಮಾಡಿದ್ದಳು. ಹಿತಾ ಯೋಜನೆಯ ವರದಿಯನ್ನು ತಾತನ ಕೈಗಿಟ್ಟು ಪರೀಕ್ಷೆಗೆಂದು ಅರಸೀಕೆರೆಗೆ ಹೋದಳು. ಮೇಷ್ಟ್ರು ವರದಿಯ ಮೊದಲ ಪುಟವನ್ನೂ ಕೃತಜ್ಞತೆಯ ಪುಟವನ್ನೂ ಓದಿದರು. ಅಂಕಿಅಂಶ ಬಂದ ಕಡೆ ಮಡಚಿಟ್ಟರು.

ಎರಡು ದಿನದಲ್ಲಿ ಬರಹ ಸಿದ್ಧವಾಯಿತು. ಹೊಯ್ಸಳರು ಕಟ್ಟಿಸಿದ ಕೆರೆಯಿಂದ ಶುರು. ನೀರಿನ ಮಹತ್ವಕ್ಕೆ ಒಂದು ಸಾಲು, ಕಲ್ಪವೃಕ್ಷಕ್ಕೆ ಎರಡು. ಆಮೇಲೆ 'ಜ್ಞಾನದ ಗಣಿಯೂ ಸಹನೆಯ ಮೂರ್ತಿಯೂ ಆದ' ಮಾರ್ಗದರ್ಶಕಿ ಯದುಗಿರಿ ಮೇಡಂ ಅವರಿಗೆ ಮೂರು ಸಾಲು. ಕೊನೆಗೆ ಹಿತಾ 'ಈ ಮಹತ್ಕಾರ್ಯವನ್ನು ಏಕಾಂಗಿಯಾಗಿ ಹೊತ್ತು ಅಭೂತಪೂರ್ವ ಯಶಸ್ಸು ಕಂಡಳು' ಎಂದಿತ್ತು. ಯಾವ ಕಾರ್ಯ, ಯಾವ ಯಶಸ್ಸು ಎಂದು ನನಗೆ ಟೈಪ್ ಮಾಡಿ ಮುಗಿಸಿದ ಮೇಲೂ ತಿಳಿಯಲಿಲ್ಲ. ಇಂಗ್ಲಿಷಿನಲ್ಲಿದ್ದುದರಿಂದ ಹಾಗಾಯಿತೇನೋ ಎಂದು ಸುಮ್ಮನಾದೆ.

ಮೂರನೆಯ ದಿನ ದೀಪಕ್ ಬಂದ. ಹಾರನಹಳ್ಳಿಯ ಹುಡುಗ, ಹಿತಾಳ ಕ್ಲಾಸ್‌ಮೇಟ್, ಯೋಜನೆಯನ್ನು ಜೊತೆಯಲ್ಲೇ ಮಾಡಿದವನು. ಅವನೂ ಅದೇ ಸಂಸ್ಥೆಗೆ ಅರ್ಜಿ ಹಾಕುತ್ತಿದ್ದ. ಹಿತಾಳ ತಾತ ಚೆನ್ನಾಗಿ ಬರೆಯುತ್ತಾರೆಂದು ಕೇಳಿ, ಒಂದು ಚೀಲ ಎಳನೀರು ಹೊತ್ತುಕೊಂಡು ಎರಡು ಬಸ್ಸು ಬದಲಾಯಿಸಿ ಬಂದಿದ್ದ. ಎಳನೀರು ಕಂಡ ಮೇಲೆ ಮೇಷ್ಟ್ರು ಇಲ್ಲ ಅನ್ನುತ್ತಾರೆಯೇ?

"ಯೋಜನೆ ಅದೇ ತಾನೆ? ಹೆಸರು ಮಾತ್ರ ಬದಲಾಯಿಸು ರಘು. ಅವಳು ಅಂತಿರೋ ಕಡೆ ಅವನು ಮಾಡು, ಸಾಕು."

"ಮೇಷ್ಟ್ರೇ, ಏಕಾಂಗಿಯಾಗಿ ಅಂತ ಇದೆಯಲ್ಲ, ಇಬ್ಬರೂ ಏಕಾಂಗಿ ಹೇಗಾಗ್ತಾರೆ?"

"ಅದು ಗೌರವದ ಮಾತು ಕಣೋ. ಗೌರವ ಇಬ್ಬರಿಗೂ ಸಲ್ಲಬೇಕು."

ಪೋಸ್ಟ್ ಮಾಸ್ಟರಿಗೂ ಇನ್ಸ್‌ಪೆಕ್ಟರಿಗೂ ಸಂದಿದ್ದು ಇವರಿಗೇಕೆ ಸಲ್ಲಬಾರದು? ಬದಲಾಯಿಸಿ ಕೊಟ್ಟೆ. ಇಬ್ಬರೂ ತಮ್ಮ ತಮ್ಮ ಬರಹವನ್ನು ಶಿಫಾರಸು ಪತ್ರಕ್ಕಾಗಿ ಯದುಗಿರಿ ಮೇಡಂಗೆ ಕಳಿಸಿದರು. ಹಿತಾ ಪರೀಕ್ಷೆಯ ಗಡಿಬಿಡಿಯಲ್ಲಿ ಪೂರ್ತಿ ಓದಿರಲೂ ಇಲ್ಲ.

ಮಾರನೆಯ ಬೆಳಿಗ್ಗೆ ಮೇಡಂ ಫೋನು ಮಾಡಿದರು. ಹಿತಾಗಲ್ಲ, ನೇರ ಮೇಷ್ಟ್ರಿಗೆ. ಏನು ಹೇಳಿದರೋ ನನಗೆ ಗೊತ್ತಿಲ್ಲ, ಆದರೆ ಮೇಷ್ಟ್ರು ಫೋನು ಕೆಳಗಿಟ್ಟು ನನ್ನ ಅಂಗಡಿಗೆ ನಡೆದು ಬಂದಾಗ ಮೊದಲ ಬಾರಿಗೆ ಅವರ ಬಾಯಲ್ಲಿ ಒಂದೂ ವಿಶೇಷಣವಿರಲಿಲ್ಲ. "ಲ್ಯಾಪ್‌ಟಾಪ್ ತಗೋ. ಅರಸೀಕೆರೆಗೆ ಹೋಗಬೇಕು. ಅರ್ಜಿಗೆ ನಾಳೆ ಸಂಜೆ ಕೊನೆಯಂತೆ," ಎಂದರು. ಅಂಗಡಿಗೆ ಬೀಗ ಹಾಕಿದೆ. ಹೇಗೂ ಅಪರಾಧದಲ್ಲಿ ನನ್ನ ಬೆರಳಚ್ಚೂ ಇತ್ತು.

ಕಾಲೇಜಿನ ಲ್ಯಾಬಿನಲ್ಲಿ ಹಿತಾ, ದೀಪಕ್ ಇಬ್ಬರೂ ತಲೆ ತಗ್ಗಿಸಿ ನಿಂತಿದ್ದರು. ಯದುಗಿರಿ ಮೇಡಂ 'ಸಹನೆಯ ಮೂರ್ತಿ' ಅಲ್ಲವೆಂಬುದು ಬಾಗಿಲಲ್ಲೇ ಗೊತ್ತಾಯಿತು. ಎರಡು ಹಾಳೆಗಳನ್ನು ಅಕ್ಕಪಕ್ಕ ಇಟ್ಟು, ಮೇಷ್ಟ್ರಿಗೆ ಕುರ್ಚಿ ತೋರಿಸಿ, ಕಾಫಿ ತರಿಸಿ, ಆಮೇಲೆ ಶುರು ಮಾಡಿದರು.

"ಸಾರ್, ಇವೆರಡನ್ನೂ ಅಲ್ಲಿ ಒಬ್ಬರೇ ಓದ್ತಾರೆ. ಒಂದೇ ಕೆಲಸಾನ ಇಬ್ಬರೂ ನಾನೊಬ್ಬನೇ ಮಾಡಿದೆ, ನಾನೊಬ್ಬಳೇ ಮಾಡಿದೆ ಅಂತಾರೆ. ಯಾರೋ ಒಬ್ಬರು ಸುಳ್ಳು ಹೇಳ್ತಿದ್ದಾರೆ ಅಂದ್ಕೊಂಡು ಇಬ್ಬರನ್ನೂ ಪಕ್ಕಕ್ಕೆ ಇಡ್ತಾರೆ. ನಾನು ಇದಕ್ಕೆ ಶಿಫಾರಸು ಬರೀಲಾರೆ."

ಮೇಷ್ಟ್ರು ಕಾಫಿ ಲೋಟ ಕೆಳಗಿಟ್ಟರು. ನಲವತ್ತು ವರ್ಷ ಇನ್ನೊಬ್ಬರ ಹಾಳೆಗೆ ಕೆಂಪು ಶಾಯಿ ಹಾಕಿದವರು.

ಮೇಡಂ ಮಕ್ಕಳ ಕಡೆ ತಿರುಗಿದರು. "ಹೇಳಿ, ಯಾರು ಏನು ಮಾಡಿದ್ರಿ?"

"ಎಲ್ಲ ದೀಪಕ್‌ದೇ ಮೇಡಂ," ಎಂದಳು ಹಿತಾ.

"ಇಲ್ಲ ಮೇಡಂ, ಹಿತಾನೇ ಮಾಡಿದ್ದು," ಎಂದ ದೀಪಕ್.

"ಬರೆಯೋವಾಗ ಇಬ್ಬರೂ ಮಾಡಿದ್ರಿ, ಕೇಳಿದ್ರೆ ಇಬ್ಬರೂ ಮಾಡಿಲ್ಲ! ಬೀಗರ ಮನೆ ಊಟಕ್ಕೆ ಬಂದಿದ್ದೀರಾ, ನೀವು ಮೊದಲು ನೀವು ಮೊದಲು ಅನ್ನೋಕೆ?"

ಆಮೇಲೆ ಒಂದೊಂದೇ ಪ್ರಶ್ನೆ ಹಾಕಿ ಅವರೇ ಹೊರಗೆಳೆದರು. ಆಗಲೇ ನನಗೂ ಮೇಷ್ಟ್ರಿಗೂ ಯೋಜನೆ ಏನೆಂದು ತಿಳಿದದ್ದು. ದೀಪಕ್‌ನ ಅಜ್ಜ ಲಕ್ಕಪ್ಪನವರ ತೋಟದಲ್ಲಿ ಇಪ್ಪತ್ತನಾಲ್ಕು ತೆಂಗಿನ ಮರ ಆರಿಸಿಕೊಂಡು, ಚೀಟಿ ಎತ್ತಿ ಅರ್ಧ ಮರಗಳ ಪಾತಿಗೆ ತೆಂಗಿನಕಾಯಿ ಮಟ್ಟೆ ಹೊದಿಸಿದರು, ಉಬ್ಬಿದ ಬದಿ ಮೇಲೆ ಮಾಡಿ. ಉಳಿದರ್ಧ ಬರಿದೇ ಬಿಟ್ಟರು. ಎಲ್ಲದಕ್ಕೂ ಒಂದೇ ಅಳತೆಯ ನೀರು. ಮಟ್ಟೆ ಹೊದಿಸಿದ ಕಡೆ ಮಣ್ಣು ತೇವ ಹಿಡಿದಿಡುತ್ತದೆಯೇ ಎಂಬುದು ಪ್ರಶ್ನೆ. ಮಣ್ಣು ತೆಗೆದು ತೂಗಿ, ಓವನ್ನಿನಲ್ಲಿ ನೂರೈದು ಡಿಗ್ರಿಯಲ್ಲಿ ಒಂದು ದಿನ ಒಣಗಿಸಿ ಮತ್ತೆ ತೂಗಬೇಕು. ಕಡಿಮೆಯಾದ ತೂಕವೇ ನೀರು.

"ಮೊದಲ ಎರಡು ತಿಂಗಳ ಅಳತೆಯೆಲ್ಲ ಬಿಸಾಕಿದ್ರಲ್ಲ, ಅದು ಯಾಕೆ ಇದರಲ್ಲಿಲ್ಲ?" ಎಂದರು ಮೇಡಂ.

ಹಿತಾ ದೀಪಕ್‌ನ ಮುಖ ನೋಡಿದಳು. ದೀಪಕ್ ನೆಲ ನೋಡಿದ.

"ಅದನ್ನ ಬರೆದ್ರೆ ದೀಪಕ್‌ನ ಅಜ್ಜನ ಮಾತು ಬರುತ್ತೆ ಮೇಡಂ," ಎಂದಳು ಹಿತಾ.

ನಡೆದದ್ದಿಷ್ಟು. ಅಳತೆ ತಿರುವುಮುರುವಾಗಿ ಬರುತ್ತಿತ್ತು. ಬರಿದೇ ಬಿಟ್ಟ ಕೆಲವು ಪಾತಿಗಳಲ್ಲೇ ತೇವ ಹೆಚ್ಚು. ದೀಪಕ್ ತಕ್ಕಡಿ ಕೆಟ್ಟಿದೆ ಅಂದ. ಹಿತಾ ತಕ್ಕಡಿ ಪರೀಕ್ಷಿಸಿದಳು, ಸರಿಯಿತ್ತು. ಆಮೇಲೆ ತೋಟದ ನಕ್ಷೆ ಬರೆದು ಒದ್ದೆ ಪಾತಿಗಳಿಗೆ ಬಣ್ಣ ಹಚ್ಚಿದಳು. ಬಣ್ಣ ಬಂದದ್ದೆಲ್ಲ ಮನೆಯಿಂದ ಬಾವಿಗೆ ಹೋಗುವ ಕಾಲುದಾರಿಯ ಅಂಚಿನ ಬರಿ ಪಾತಿಗಳು. ಒಂದು ಮುಂಜಾನೆ ಹೋಗಿ ನಿಂತು ನೋಡಿದರೆ, ಲಕ್ಕಪ್ಪ ಬಿಂದಿಗೆ ಹೊತ್ತು ಆ ಮರಗಳಿಗೆ ನೀರು ಹುಯ್ಯುತ್ತಿದ್ದಾರೆ! ಪಕ್ಕದ ಮರಕ್ಕೆ ಹೊದಿಕೆ ಹಾಕಿ ಇವನ್ನು ಬೆತ್ತಲೆ ಬಿಟ್ಟಿದ್ದಾರಲ್ಲ ಎಂದು ಅವರಿಗೆ ಮರುಕ. ಹಿತಾ ಎರಡು ತಿಂಗಳ ಲೆಕ್ಕವನ್ನೆಲ್ಲ ಕೈಬಿಟ್ಟು ಮೊದಲಿಂದ ಶುರುಮಾಡೋಣ ಎಂದಳು.

ಮೇಷ್ಟ್ರು ಗಂಟಲು ಸರಿಮಾಡಿಕೊಂಡರು. "ಅದಕ್ಕೇನಂತೆ? 'ಅನಿವಾರ್ಯ ಕಾರಣಗಳಿಂದ' ಅಂತ ಹಾಕಿದ್ರಾಯ್ತು. ಯಾರ ಮನಸ್ಸಿಗೂ ನೋವಾಗಲ್ಲ."

"ಸಾರ್," ಎಂದರು ಮೇಡಂ, ಈ ಸಲ ಮೆಲ್ಲಗೆ, "ಆ ಅನಿವಾರ್ಯ ಕಾರಣಾನ ಕಂಡುಹಿಡಿದದ್ದೇ ಇವಳ ಕೆಲಸ. ಅದನ್ನ ತೆಗೆದ್ರೆ ಇವಳಿಗೆ ಏನು ಉಳಿಯುತ್ತೆ?"

ನನಗೆ ಮೇಷ್ಟ್ರ ಮೇಲೆ ಸಿಟ್ಟೂ ಬಂತು, ಕನಿಕರವೂ ಬಂತು. ಮೊಮ್ಮಗಳನ್ನು 'ಅಭೂತಪೂರ್ವ' ಎಂದು ಹೊಗಳಿ ಅವಳು ಮಾಡಿದ ಒಂದೇ ಒಂದು ದೊಡ್ಡ ಕೆಲಸವನ್ನು ಬಿಟ್ಟಿದ್ದರು. ಅದು ಏನೆಂದು ಅವರು ಕೇಳಿಯೇ ಇರಲಿಲ್ಲ.

"ಬರೀಲಿ," ಎಂದು ಕೊನೆಗೆ ಹೇಳಿದರು. "ಆದರೆ ಯಜಮಾನರಿಗೆ ತಿಳಿಸದೆ ಬೇಡ. ಒಬ್ಬರ ತಪ್ಪನ್ನ ಅವರ ಬೆನ್ನ ಹಿಂದೆ ಬರೆಯೋದು ಸರಿಯಲ್ಲ." ಅದೊಂದು ವಿಷಯದಲ್ಲಿ ಅವರು ಹೇಳಿದ್ದು ನ್ಯಾಯವಾಗಿತ್ತು. ಮೇಡಂ ಕೂಡ ತಲೆಯಾಡಿಸಿದರು.

ಮೇಷ್ಟ್ರು, ಹಿತಾ, ದೀಪಕ್, ನಾನು ಟೆಂಪೋ ಹಿಡಿದು ಹಾರನಹಳ್ಳಿಗೆ ಹೋದೆವು. ಲಕ್ಕಪ್ಪ ಕೊಟ್ಟಿಗೆಯ ಮುಂದೆ ಕೂತು ಹಗ್ಗ ಹೊಸೆಯುತ್ತಿದ್ದರು. ದೀಪಕ್ ವಿಷಯ ಹೇಳತೊಡಗಿದ. ಮೇಷ್ಟ್ರು ಮಧ್ಯೆ ಬಾಯಿ ಹಾಕಿ, "ತಾವು ಸಹೃದಯರು, ವೃಕ್ಷಪ್ರೇಮಿಗಳು..." ಎಂದು ಶುರುಮಾಡಿದರು.

"ಏನ್ ಬಂದದ್ದು ಹೇಳಿ ಸ್ವಾಮಿ," ಎಂದರು ಲಕ್ಕಪ್ಪ.

"ನೀವು ನೀರು ಹಾಕಿದ್ದರಿಂದ ಲೆಕ್ಕ ಕೆಟ್ಟಿತು ಅಂತ ಬರೀಬೇಕಂತೆ," ಎಂದರು ಮೇಷ್ಟ್ರು.

ಲಕ್ಕಪ್ಪ ಹಗ್ಗ ಪಕ್ಕಕ್ಕಿಟ್ಟರು. "ಹೂಂ, ಬುಟ್ಟೆ ನೀರ. ಕಳ್ತನ ಮಾಡ್ದ್ನಾ? ಒಂದ್ ಮರಕ್ಕೆ ಕಂಬ್ಳಿ ಹೊದ್ಸಿ ಇನ್ನೊಂದ್ನ ಬಿಸ್ಲಗೆ ಬುಟ್ಟು, ನೋಡ್ಕಂಡ್ ಸುಮ್ಕಿರು ಅಂದ್ರೆ ಹೆಂಗ್ಲಾ ದೀಪು ಉಣ್ಣಾದು? ಇವ್ಳು ಬಂದು ಹೇಳುದ್ಲು, ತಾತ, ನೀವು ಹಾಕಿದ್ ನೀರು ನಮ್ ತಕ್ಕಡೀಲಿ ಕಾಣ್ತೈತೆ ಅಂತ. ಒಂದ್ ಬಿಂದ್ಗೆ ನೀರು ತಕ್ಕಡೀಲಿ ಕಾಣ್ತೈತೆ ಅಂದ್ರೆ ಈ ಮಗಾ ಸುಮ್ನೆ ಆಟ ಆಡ್ತಾ ಇಲ್ಲ ಅಂತ ಅವತ್ತೇ ಅಂದ್ಕಂಡೆ. ಬರ್ಕಳಿ."

"ಆಮೇಲೆ ನೀರು ಹಾಕೋದು ನಿಲ್ಲಿಸಿದ್ರಾ?" ಮೇಷ್ಟ್ರು ಕೇಳಿದರು. ಯಾರಿಗಾದರೂ ಅವರು ಪ್ರಶ್ನೆ ಕೇಳಿದ್ದನ್ನು ನಾನು ನೋಡಿದ್ದು ಅದೇ ಮೊದಲು.

"ಎಲ್ ನಿಲ್ಲುಸ್ತೀನಿ? ನಮ್ ದೀಪು ಲೆಕ್ಕದಾಗಿಲ್ದಿರೋ ಒಂದ್ ಸಾಲು ಮರ ತೋರ್ಸಿ, ಅಜ್ಜ, ಇವು ನಿನ್ವು, ಎಷ್ಟಾರ ಹುಯ್ಕೋ ಅಂದ. ಬಾವಿಗೆ ಹೋಗೋ ದಾರೀನೂ ಆ ಕಡೀಕೇ ತಿರುಗ್ಸಿ ಬೇಲಿ ಹಾಕ್ದ. ಅಲ್ಗೇ ಹುಯ್ತೀನಿ ಈಗ."

ಮೇಷ್ಟ್ರು ದೀಪಕ್ ಕಡೆ ತಿರುಗಿದರು. "ಇದನ್ನ ನೀನು ಯಾಕಪ್ಪ ಹೇಳಲಿಲ್ಲ? ಇದು ನಿನ್ನದಲ್ವಾ?"

"ಬೇಲಿ ಹಾಕಿದ್ದು ಸಂಶೋಧನೆ ಆಗುತ್ತಾ ಸಾರ್?" ಎಂದ ಹುಡುಗ.

"ಆಗುತ್ತೆ," ಎಂದಳು ಹಿತಾ. "ಅದಿಲ್ದಿದ್ರೆ ಎರಡನೇ ಸಲವೂ ಹಾಳಾಗ್ತಿತ್ತು."

ಲಕ್ಕಪ್ಪನಿಗೆ ಒಂದೇ ಒಂದು ತಕರಾರಿತ್ತು. ಬರಹದಲ್ಲಿ 'ತೋಟದ ಮಾಲೀಕರು' ಎಂದು ಬರುತ್ತದೆಂದು ಹಿತಾ ಹೇಳಿದಾಗ ಅವರು ಮುಖ ಗಂಟು ಹಾಕಿಕೊಂಡರು. "ಮಾಲೀಕ ಅಂದ್ರೆ ಯಾವನಾರ ಆಗ್ಬೌದು. ನೀರ್ ಹುಯ್ದೋನು ನಾನು. ಲಕ್ಕಪ್ಪ ಅಂತ ಹಾಕು." ಹೆಸರು ಹಾಕುವ ಪದ್ಧತಿ ಇಲ್ಲವೆಂದು, ಪದಗಳ ಮಿತಿ ಇದೆಯೆಂದು ಅವಳು ಹೇಳಿ ಒಪ್ಪಿಸಬೇಕಾದರೆ ಸಾಕುಸಾಕಾಯಿತು. ತಪ್ಪು ಬರೆಯಲು ಅಪ್ಪಣೆ ಕೇಳಲು ಹೋದವರು ನಾವು!

ಮೇಷ್ಟ್ರು ಜೇಬಿನಿಂದ ಪೆನ್ನು ತೆಗೆದರು. ಬರೆಯುತ್ತಾರೆ ಎಂದುಕೊಂಡೆ. ಹಿತಾಳ ಮುಂದೆ ಚಾಚಿದರು. "ನೀನೇ ಬರಿ. ನಾನು ಕೇಳ್ತಾ ಹೋಗ್ತೀನಿ. ಏನು ಮಾಡ್ದೆ? ಹೇಗೆ ಮಾಡ್ದೆ? ಏನು ಸಿಕ್ತು? ಇಷ್ಟೇ."

ಅವಳು ಮಟ್ಟೆ ರಾಶಿಯ ಪಕ್ಕದ ಕಲ್ಲಿನ ಮೇಲೆ ಕೂತು ಬರೆದಳು. ನಾನು ಇಂಗ್ಲಿಷಿನಲ್ಲಿ ಟೈಪ್ ಮಾಡಿದ್ದರ ತಾತ್ಪರ್ಯ ಇಷ್ಟು:

'ತೆಂಗಿನ ಪಾತಿಗೆ ಕಾಯಿಮಟ್ಟೆ ಹೊದಿಸಿದರೆ ಬೇಸಿಗೆಯಲ್ಲಿ ಮಣ್ಣಿನ ತೇವ ಉಳಿಯುತ್ತದೆಯೇ ಎಂದು ಸಹಪಾಠಿಯೊಬ್ಬರ ಜೊತೆ ಪರೀಕ್ಷಿಸಿದೆ. ಇಪ್ಪತ್ತನಾಲ್ಕು ಮರಗಳಲ್ಲಿ ಹನ್ನೆರಡನ್ನು ಚೀಟಿ ಎತ್ತಿ ಆರಿಸಿ ಹೊದಿಸಿದೆವು. ಉಳಿದವು ಬರಿದೇ ಇದ್ದವು. ಎಲ್ಲಕ್ಕೂ ಒಂದೇ ಪ್ರಮಾಣದ ನೀರು. ತೋಟದ ಏರ್ಪಾಡು, ಹೊದಿಕೆ ಮತ್ತು ಮಣ್ಣು ತೆಗೆಯುವುದು ಸಹಪಾಠಿಯದು. ಮರಗಳ ಹಂಚಿಕೆ, ಒಣಗಿಸಿ ತೂಗುವುದು ಮತ್ತು ಲೆಕ್ಕ ನನ್ನದು. ಮೊದಲ ಅಳತೆಗಳಲ್ಲಿ ಕೆಲವು ಬರಿ ಪಾತಿಗಳೇ ಹೆಚ್ಚು ಒದ್ದೆಯಾಗಿದ್ದವು. ಅವನ್ನು ನಕ್ಷೆಯಲ್ಲಿ ಗುರುತಿಸಿದಾಗ ಎಲ್ಲವೂ ಕಾಲುದಾರಿಯ ಅಂಚಿನಲ್ಲಿದ್ದವು. ತೋಟದ ಮಾಲೀಕರು ಅವಕ್ಕೆ ಹೆಚ್ಚುವರಿ ನೀರು ಹಾಕುತ್ತಿದ್ದುದು ತಿಳಿಯಿತು. ಆ ಅಳತೆಗಳನ್ನು ಪೂರ್ತಿ ಕೈಬಿಟ್ಟು ಮತ್ತೆ ಆರಂಭಿಸಿದೆವು. ಹದಿನೈದು ಸೆಂಟಿಮೀಟರ್ ಆಳದಲ್ಲಿ ಹೊದಿಸಿದ ಪಾತಿಗಳ ತೇವ ಸರಾಸರಿ ಶೇಕಡ 13.1, ಬರಿ ಪಾತಿಗಳದ್ದು 9.4. ಈ ವ್ಯತ್ಯಾಸ ಆಕಸ್ಮಿಕವೆನ್ನಲು ಆಗದು ಎಂದು ಸಂಖ್ಯಾಶಾಸ್ತ್ರದ ಟಿ-ಪರೀಕ್ಷೆ ತೋರಿಸಿತು. ನಲವತ್ತೈದು ಸೆಂಟಿಮೀಟರಿನಲ್ಲಿ ನಂಬಬಹುದಾದ ವ್ಯತ್ಯಾಸ ಕಾಣಲಿಲ್ಲ. ಇಳುವರಿಯನ್ನು ನಾವು ಅಳೆಯಲಿಲ್ಲ.'

ಮೇಷ್ಟ್ರು ಓದಿದರು. ಇನ್ನೊಮ್ಮೆ ಓದಿದರು. "ಕೊನೆಗೆ 'ಅಳೆಯಲಿಲ್ಲ' ಅಂತ ಮುಗಿಸ್ತೀಯಲ್ಲೇ, ಅಶುಭ ಅಲ್ವಾ?"

"ಅಳೆದಿಲ್ಲ ತಾತ."

"ಸರಿ ಬಿಡು." ಪಾಪ, ಒಂದು ವಿಶೇಷಣ ಹಾಕಲು ಅವರ ಕೈ ಎಷ್ಟು ಕಡಿಯುತ್ತಿತ್ತೋ!

ದೀಪಕ್ ತನ್ನದನ್ನು ತಾನೇ ಬರೆದ. ಅದರಲ್ಲಿ ದೋಷ ಕಂಡುಹಿಡಿದದ್ದು ಸಹಪಾಠಿ ಎಂದೂ, ಅಜ್ಜನಿಗೆ ಬೇರೆ ಸಾಲು ಬಿಟ್ಟುಕೊಟ್ಟು ಪ್ರಯೋಗ ಉಳಿಸಿದ್ದು ತಾನೆಂದೂ ಇತ್ತು. ಎರಡನ್ನೂ ಓದಿದ ಯದುಗಿರಿ ಮೇಡಂ ಅಂದೇ ಶಿಫಾರಸು ಕಳಿಸಿದರು. ಇಬ್ಬರ ಅರ್ಜಿಗಳೂ ಗಡುವಿನೊಳಗೆ ಹೋದವು.

ಇಬ್ಬರಿಗೂ ಸಂದರ್ಶನಕ್ಕೆ ಕರೆ ಬಂತು. ಹಿತಾಳದ್ದು ನನ್ನ ಅಂಗಡಿಯ ಒಳಕೋಣೆಯಲ್ಲಿ, ವಿಡಿಯೋದಲ್ಲಿ. ಮೇಷ್ಟ್ರು ಹೊರಗೆ ಜೆರಾಕ್ಸ್ ಮೆಷಿನ್ನಿನ ಪಕ್ಕ ಸ್ಟೂಲಿನ ಮೇಲೆ ಕೂತಿದ್ದರು. ಒಳಗಿನ ಮಾತು ಅಷ್ಟಿಷ್ಟು ಕೇಳುತ್ತಿತ್ತು. ಮೇಲ್ಮಣ್ಣಿನಲ್ಲಷ್ಟೇ ತೇವ ಉಳಿದರೆ ಮರಕ್ಕೆ ಏನು ಲಾಭ ಎಂದು ಸಂದರ್ಶಕರು ಕೇಳಿದರು. ಅದನ್ನು ನನ್ನ ಅಳತೆಯಿಂದ ಹೇಳಲಾಗದು, ಬೇರು ಮತ್ತು ಇಳುವರಿ ಎರಡನ್ನೂ ನೋಡಬೇಕು, ಅದನ್ನೇ ಮುಂದೆ ಕಲಿಯಬೇಕೆಂದಿದ್ದೇನೆ ಎಂದಳು ಹಿತಾ. ಮೇಷ್ಟ್ರು ಸ್ಟೂಲಿನಿಂದ ಅರ್ಧ ಎದ್ದರು. ಒಳಗೆ ಹೋಗಿ ಒಂದು ವಾಕ್ಯ ಸೇರಿಸಿಬಿಡುತ್ತಾರೇನೋ ಎಂದು ನಾನು ಅವರ ಶಲ್ಯ ಹಿಡಿದುಕೊಂಡೆ.

ಫಲಿತಾಂಶ ಬಂದ ದಿನ ಹಿತಾ ಅರಸೀಕೆರೆಯಿಂದ ಮೊದಲು ಅಮ್ಮನಿಗೆ ಫೋನು ಮಾಡಿದಳು, ಆಮೇಲೆ ನನ್ನ ಅಂಗಡಿಗೆ. ಸೀಟು ಸಿಕ್ಕಿತ್ತು. ದೀಪಕ್ ಕಾಯುವ ಪಟ್ಟಿಯಲ್ಲಿ ಮೊದಲನೆಯವನು. ಅವನಿಗೂ ಸಿಗುತ್ತದೆ ಎಂದು ಅವಳು ಅವನಿಗಿಂತ ಹೆಚ್ಚು ನಂಬಿದ್ದಳು. ಫೋನನ್ನು ಅಲ್ಲೇ ಇದ್ದ ಮೇಷ್ಟ್ರ ಕೈಗೆ ಕೊಟ್ಟೆ. ಅಭಿನಂದನೆಯ ಮಳೆ ಸುರಿಯುತ್ತದೆ, ಹಳೇಬೀಡಿನ ಹೆಮ್ಮೆಯ ಕುವರಿ, ವಂಶದ ಕಣ್ಮಣಿ ಎಲ್ಲ ಬರುತ್ತದೆ ಎಂದು ಕಿವಿ ಗಟ್ಟಿ ಮಾಡಿಕೊಂಡೆ.

ಮೇಷ್ಟ್ರು ಸ್ಟೂಲು ಎಳೆದುಕೊಂಡು ಕೂತರು. ಕಣ್ಣು ತುಂಬಿತ್ತು, ಅದನ್ನು ಅವರು ಮುಚ್ಚಿಡಲೂ ಇಲ್ಲ.

"ಹಿತಾ, ನೀನು ಮೂರು ವರ್ಷ ಓದ್ದೆ. ನಾನು ಒಂದಿನಾನೂ ಕೇಳಲಿಲ್ಲ ಕಣೇ. ಮಣ್ಣು ಒಣಗಿಸೋಕೆ ನೂರೈದೇ ಡಿಗ್ರಿ ಯಾಕೆ? ನೂರು ಸಾಲಲ್ವಾ? ಹೇಳು, ನನಗೆ ಪುರುಸೊತ್ತಿದೆ."

ಆ ಕಡೆಯಿಂದ ಅವಳು ಹೇಳತೊಡಗಿದಳು. ಮೇಷ್ಟ್ರು ಫೋನನ್ನು ಕಿವಿಗೆ ಒತ್ತಿಕೊಂಡು, ನಡುನಡುವೆ "ಆಮೇಲೆ?" ಎನ್ನುತ್ತ ಕೇಳುತ್ತಲೇ ಇದ್ದರು.